ನೇಮಕಾತಿ ನಿಂತಿದ್ದಾಗ ನಾನು ನಡೆದು ನೋಡಿದ ಮೂರು ದಾರಿಗಳು

ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಆರು ವರ್ಷ ದುಡಿದು, ಡೇಟಾ ಎಂಜಿನಿಯರಿಂಗ್ ಕಡೆಗೆ ಹೊರಳಬೇಕೆಂದು ನಿಶ್ಚಯಿಸಿದ ಹೊತ್ತಿಗೇ ನನ್ನ ಕೆಲಸ ಹೋಯಿತು, ಎಲ್ಲೆಡೆ ನೇಮಕಾತಿಯೂ ನಿಂತಿತು. ಮುಂದಿನ ಒಂದೂವರೆ ವರ್ಷದಲ್ಲಿ ನಾನು ಮೂರು ದಾರಿಗಳನ್ನು ಒಂದರ ನಂತರ ಒಂದರಂತೆ ಹಿಡಿದೆ: ಉಳಿತಾಯದ ಮೇಲೆ ಕುಳಿತು ಪೂರ್ಣಾವಧಿ ಕಲಿಯುವುದು, ಸಿಕ್ಕ ಸಂಬಳದ ಕೆಲಸಕ್ಕೆ ಸೇರುವುದು, ಹೋಗಬೇಕಾದ ಕ್ಷೇತ್ರದ ಅಂಚಿನಲ್ಲೇ ವಾರಕ್ಕೆ ಮೂರು ದಿನದ ಗುತ್ತಿಗೆ ಕೆಲಸ ಮಾಡುವುದು.

ಮೊದಲನೆಯದು ಹೊರಗಿನಿಂದ ಬಹಳ ಆಕರ್ಷಕವಾಗಿ ಕಾಣುತ್ತದೆ. ನನ್ನ ಉಳಿತಾಯ ಹನ್ನೆರಡು ತಿಂಗಳ ಖರ್ಚಿಗೆ ಸಾಕೆಂದು ಲೆಕ್ಕ ಹಾಕಿದ್ದೆ. ಆದರೆ ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಶಾಲೆಯ ಶುಲ್ಕ ಮುಂತಾದವನ್ನು ತಿಂಗಳಿಗೆ ಹಂಚಿ ಸೇರಿಸಿದಾಗ ಅದು ಹತ್ತಕ್ಕೆ ಇಳಿಯಿತು. ನಾಲ್ಕು ತಿಂಗಳು ಮನೆಯಲ್ಲೇ ಕುಳಿತು ಎಸ್‌ಕ್ಯೂಎಲ್ ಮತ್ತು ಪೈಥಾನ್ ಕಲಿತೆ. ಅಭ್ಯಾಸಕ್ಕೆ ಸಿಗುವ ಡೇಟಾ ಯಾರೋ ತೊಳೆದು ಒರೆಸಿಟ್ಟ ಪಾತ್ರೆಯಂತಿರುತ್ತದೆ. ಅದರಲ್ಲಿ ತಪ್ಪುಗಳು ಅಪರೂಪ, ತಪ್ಪಿದರೆ ಕೇಳುವವರೂ ಇಲ್ಲ. ಒಂದು ಕಡೆ ಮೂರು ಸುತ್ತಿನ ಸಂದರ್ಶನ ಮುಗಿಸಿದ ಮೇಲೆ ‘ಅನುಮೋದನೆ ಬಾಕಿ ಇದೆ’ ಎಂಬ ಉತ್ತರದಲ್ಲೇ ಆರು ವಾರ ಕಳೆದವು. ಹುದ್ದೆಗೆ ಹಣ ಮಂಜೂರಾಗದಿದ್ದರೂ ಜಾಹೀರಾತು ಹಾಗೆಯೇ ಉಳಿದಿರಬಹುದು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅಂದಿನಿಂದ ಮೊದಲ ಕರೆಯಲ್ಲೇ ಎರಡು ಪ್ರಶ್ನೆ ಕೇಳುತ್ತೇನೆ: ಇದು ಹೊಸ ಹುದ್ದೆಯೋ, ಬಿಟ್ಟುಹೋದವರ ಜಾಗವೋ? ಈ ವರ್ಷದ ಬಜೆಟ್‌ನಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಿದೆಯೇ? ಉತ್ತರ ತಡವರಿಸಿದರೆ ಆ ಸಂದರ್ಶನಕ್ಕೆ ನಾನು ವಾರಗಟ್ಟಲೆ ಸಿದ್ಧತೆ ಮಾಡುವುದಿಲ್ಲ.

ಎರಡನೆಯ ದಾರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗ್ರಾಹಕ ಸೇವೆಯ ರಾತ್ರಿ ಪಾಳಿಯಲ್ಲಿ ಐದು ತಿಂಗಳು ಇದ್ದೆ. ಉಳಿದಿದ್ದ ಆರು ತಿಂಗಳ ಉಳಿತಾಯ ಕರಗಲಿಲ್ಲ, ಆದರೆ ಬೆಳಿಗ್ಗೆ ಮನೆಗೆ ಬಂದು ಪುಸ್ತಕ ತೆರೆದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಹಣ ಉಳಿಯಿತು, ದಿಕ್ಕು ಜಾರಿತು.

ಮೂರನೆಯದು ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಬಂತು. ಅವರಿದ್ದ ಸಂಸ್ಥೆಯಲ್ಲೂ ನೇಮಕಾತಿ ನಿಂತಿತ್ತು. ಆದರೆ ಗುತ್ತಿಗೆಯ ಹಣ ಸಂಬಳದ ಬಾಬ್ತಿನಿಂದಲ್ಲ, ಬೇರೆ ಬಾಬ್ತಿನಿಂದ ಬರುತ್ತಿದ್ದುದರಿಂದ ಅದಕ್ಕೆ ತಡೆಯಿರಲಿಲ್ಲ. ಒಬ್ಬರು ದಿನವೂ ಎರಡು ಗಂಟೆ ಎಕ್ಸೆಲ್‌ನಲ್ಲಿ ಕೂಡಿಸುತ್ತಿದ್ದ ಮಾರಾಟದ ವರದಿಯನ್ನು ತಾನಾಗಿ ಸಿದ್ಧವಾಗುವಂತೆ ಮಾಡುವುದು ನನ್ನ ಕೆಲಸ. ಎರಡನೆಯ ವಾರ ನನ್ನ ವರದಿಯ ಒಟ್ಟು ಮೊತ್ತ ಲೆಕ್ಕಪತ್ರ ವಿಭಾಗದ ಮೊತ್ತಕ್ಕಿಂತ ಹೆಚ್ಚು ಬಂತು. ಒಂದೊಂದೇ ಸರಕಿನ ಸಾಲು ಹಿಡಿದು ಹುಡುಕಿದಾಗ, ಬೆಲೆ ಬದಲಾದ ಸರಕುಗಳಿಗೆ ದರಪಟ್ಟಿಯಲ್ಲಿ ಹಳೆಯ ದರದ ಸಾಲೂ ಹೊಸ ದರದ ಸಾಲೂ ಎರಡೂ ಇದ್ದವು. ಮಾರಾಟದ ಕೋಷ್ಟಕವನ್ನು ಅದಕ್ಕೆ ಜೋಡಿಸಿದ ಕೂಡಲೇ ಅಂಥ ಪ್ರತಿ ಮಾರಾಟವೂ ಎರಡು ಬಾರಿ ಎಣಿಕೆಯಾಗುತ್ತಿತ್ತು. ಮಾರಾಟದ ದಿನದಂದು ಜಾರಿಯಲ್ಲಿದ್ದ ದರವನ್ನಷ್ಟೇ ತೆಗೆದುಕೊಳ್ಳುವಂತೆ ತಿದ್ದಿದ ಮೇಲೆ ಎರಡೂ ಮೊತ್ತ ಸರಿಹೊಂದಿದವು. ನಾಲ್ಕು ತಿಂಗಳ ಓದಿನಲ್ಲಿ ಕಾಣದ ಈ ಒಂದು ತಪ್ಪಿನ ಬಗ್ಗೆಯೇ ಮುಂದಿನ ಸಂದರ್ಶನಗಳಲ್ಲಿ ಅತಿ ಹೆಚ್ಚು ಪ್ರಶ್ನೆಗಳು ಬಂದವು.

ಹಣದ ಲೆಕ್ಕವೂ ಇಲ್ಲಿಯೇ ಕುತೂಹಲಕರ. ಗುತ್ತಿಗೆಯ ಆದಾಯ ನನ್ನ ಖರ್ಚಿನ ಮೂರನೇ ಎರಡು ಭಾಗವನ್ನು ತುಂಬುತ್ತಿತ್ತು, ಆದ್ದರಿಂದ ಉಳಿತಾಯದಿಂದ ತೆಗೆಯಬೇಕಾದದ್ದು ಮೂರನೇ ಒಂದು ಭಾಗ ಮಾತ್ರ. ಆರು ತಿಂಗಳ ಹಣ ಹದಿನೆಂಟು ತಿಂಗಳು ಬಾಳಬೇಕಿತ್ತು. ಆದರೆ ಬಿಲ್ಲು ಕೊಟ್ಟ ಹಣ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳ ಪೂರ್ತಿ ಖರ್ಚು ಉಳಿತಾಯದಿಂದಲೇ ಹೋದದ್ದರಿಂದ ನಾಲ್ಕು ತಿಂಗಳ ಹಣ ಉಳಿಯಿತು, ಅದು ಇನ್ನು ಹನ್ನೆರಡು ತಿಂಗಳಿಗೆ. ಅಂದರೆ ಹದಿನೆಂಟು ಹದಿನಾಲ್ಕಾಯಿತು. ಗುತ್ತಿಗೆಗೆ ಸಹಿ ಹಾಕುವ ಮುನ್ನ ಹಣ ಎಷ್ಟು ದಿನಕ್ಕೆ ಪಾವತಿಯಾಗುತ್ತದೆ ಎಂದು ಕೇಳದಿದ್ದದ್ದು ನನ್ನದೇ ತಪ್ಪು.

ಗುತ್ತಿಗೆಯ ಒಂಬತ್ತನೆಯ ತಿಂಗಳು ಅದೇ ವಿಭಾಗದಲ್ಲಿ ಒಬ್ಬರು ಕೆಲಸ ಬಿಟ್ಟರು. ಹೊಸ ಹುದ್ದೆಗೆ ಇನ್ನೂ ತಡೆಯಿದ್ದರೂ ತೆರವಾದ ಜಾಗಕ್ಕೆ ಮಂಜೂರಾತಿ ಸಿಕ್ಕಿತು, ಆ ಜಾಗ ನನಗೆ ಬಂತು. ಹಾಗೆಂದು ಮೂರನೆಯ ದಾರಿಯೇ ಎಲ್ಲರಿಗೂ ಸರಿ ಎನ್ನಲಾರೆ: ಕೈಯಲ್ಲಿ ಮೂರು ತಿಂಗಳ ಹಣವೂ ಇಲ್ಲದವರು ಮೊದಲ ಬಿಲ್ಲಿಗೆ ಕಾಯುವಷ್ಟರಲ್ಲೇ ಸಾಲಕ್ಕೆ ಬೀಳುತ್ತಾರೆ. ಅವರಿಗೆ ನಾನು ಬೇಸರದಿಂದ ಕಳೆದ ಆ ರಾತ್ರಿ ಪಾಳಿಯಂಥ ಕೆಲಸವೇ ಮೊದಲ ಹೆಜ್ಜೆ. ಅಲ್ಲಿ ನಾಲ್ಕೈದು ತಿಂಗಳ ಖರ್ಚಿನಷ್ಟು ಕೂಡಿಟ್ಟ ಮೇಲೆ ಗುತ್ತಿಗೆ ಹುಡುಕಬಹುದು.