ಹಣ ಕೊಟ್ಟಿದ್ದು ಮೂರು ವಾರಕ್ಕೆ, ಉಳಿದಿದ್ದು ಒಂದು ವಾರ: ಗೋದಾಮು ಕಟ್ಟಿಸುವವರ ಗಮನಕ್ಕೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಹತ್ತಿರ ನಮ್ಮದೊಂದು ತುಂಡು ಜಮೀನಿದೆ. ಅಲ್ಲಿ ಗೋದಾಮು ಕಟ್ಟಿಸಿದೆ. ಪಾಯ ತೋಡುವ ಮೊದಲೇ ಬಾಡಿಗೆದಾರರು ಸಿಕ್ಕಿದ್ದರು. ಬೀಗದ ಕೈ ಕೊಟ್ಟ ದಿನದಿಂದ ವಾರಕ್ಕೆ 45,000 ರೂಪಾಯಿ ಬಾಡಿಗೆ. ಕೆಲಸ ನಡೆಯುವಷ್ಟು ದಿನ ಕಾವಲುಗಾರ, ಮೇಲ್ವಿಚಾರಕ, ಸಾಲದ ಬಡ್ಡಿ ಎಂದು ವಾರಕ್ಕೆ ಇನ್ನೊಂದು 15,000 ಹೋಗುತ್ತಿತ್ತು. ಒಂದು ವಾರ ಬೇಗ ಮುಗಿದರೆ ನನಗೆ 60,000 ಲಾಭ. ಇಷ್ಟು ಲೆಕ್ಕ ನನಗೂ ಬರುತ್ತಿತ್ತು. ಮುಂದಿನದು ಬರಲಿಲ್ಲ.

ಗುತ್ತಿಗೆದಾರರು ಹೇಳಿದ್ದು 16 ವಾರ: ಪಾಯಕ್ಕೆ 4, ಕಂಬ ಮತ್ತು ಗೋಡೆಗೆ 5, ಚಾವಣಿ ಹೊರುವ ಟ್ರಸ್ ಏರಿಸಿ ಶೀಟು ಹೊದಿಸಲು 4, ನೆಲದ ಕಾಂಕ್ರೀಟಿಗೆ 3. ಕಬ್ಬಿಣದ ಟ್ರಸ್‌ಗಳು ಮೊದಲ ದಿನದಿಂದಲೇ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದವು; ಅದಕ್ಕೆ 8 ವಾರ. ಕೆಲಸ ಶುರುವಾಗುವಾಗ ಅವರು, "ಸಾರ್, 1,10,000 ಹೆಚ್ಚು ಕೊಡಿ, ಇನ್ನೆರಡು ತಂಡ ಹಾಕಿ ಮೂರು ವಾರ ಇಳಿಸುತ್ತೇನೆ" ಎಂದರು. ಪಾಯದಲ್ಲಿ ಒಂದು ವಾರಕ್ಕೆ 50,000, ಗೋಡೆಯಲ್ಲಿ ಎರಡು ವಾರಕ್ಕೆ ತಲಾ 30,000. ಮೂರು ವಾರಕ್ಕೆ 1,80,000 ಉಳಿಯುತ್ತದೆಂದು ಲೆಕ್ಕ ಹಾಕಿ ಒಪ್ಪಿಕೊಂಡೆ.

ಅವರು ಮಾತು ತಪ್ಪಲಿಲ್ಲ. ಆರನೆಯ ವಾರದ ಕೊನೆಗೆ ಗೋಡೆ ನಿಂತಿತ್ತು. ಆದರೆ ಟ್ರಸ್ ಬರಲು ಇನ್ನೂ ಎರಡು ವಾರ! ಗಾರೆಯವರು ಬೇರೆ ಕೆಲಸಕ್ಕೆ ಹೊರಟುಹೋದರು. ಕಾವಲುಗಾರನ ಜೊತೆ ನಾನೂ ಖಾಲಿ ಗೋಡೆ ನೋಡುತ್ತ ಕುಳಿತೆ. ವರ್ಕ್‌ಶಾಪಿಗೆ ಹೋಗಿ ಕೇಳಿದರೆ, "ಮೊದಲೇ ಹೇಳಿದ್ದರೆ ವಾರಕ್ಕೆ 45,000ದಂತೆ ರಾತ್ರಿ ಪಾಳಿ ನಡೆಸಿ ಎರಡು ವಾರ ಇಳಿಸಬಹುದಿತ್ತು, ಈಗ ಉಳಿದಿರುವುದು ಬೆಸುಗೆ ಮತ್ತು ಬಣ್ಣ ಮಾತ್ರ" ಎಂದರು.

ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಮುಂದೊಂದು ಭಾನುವಾರ ಮನೆಗೆ ಬಂದಾಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ದಾರಿ ಬರೆದಳು. ಪಾಯ, ಗೋಡೆ, ಶೀಟು, ನೆಲ: 16 ವಾರ. ಟ್ರಸ್, ಶೀಟು, ನೆಲ: 15 ವಾರ. "ಚಿಕ್ಕಪ್ಪ, ಉದ್ದದ ದಾರಿಯೇ ಕ್ರಿಟಿಕಲ್ ಪಾತ್. ಟ್ರಸ್ಸಿಗೆ ಇದ್ದ ಬಿಡುವು ಒಂದೇ ವಾರ. ಗೋಡೆಯಲ್ಲಿ ಒಂದು ವಾರ ಇಳಿಸಿದ ಕೂಡಲೇ ಎರಡು ದಾರಿಯೂ 15ಕ್ಕೆ ಸಮವಾದವು. ಆಮೇಲೆ ಒಂದರಲ್ಲೇ ಎಷ್ಟು ಇಳಿಸಿದರೂ ದಿನಾಂಕ ಹಿಂದೆ ಬರುವುದಿಲ್ಲ" ಎಂದಳು. ನನ್ನ 1,10,000ದಲ್ಲಿ ಕೆಲಸಕ್ಕೆ ಬಂದಿದ್ದು 30,000 ಮಾತ್ರ.

ದುಡ್ಡು ಸುರಿದು ಅವಧಿ ಇಳಿಸುವುದಕ್ಕೆ ಕ್ರ್ಯಾಶಿಂಗ್ ಎನ್ನುತ್ತಾರಂತೆ. ಅದನ್ನು ಒಂದೊಂದೇ ವಾರ ಇಳಿಸುತ್ತ, ಪ್ರತಿ ಸಲವೂ ದಾರಿಗಳನ್ನು ಮತ್ತೆ ಅಳೆಯುತ್ತ ಮಾಡಬೇಕು. ಮೊದಲ ವಾರಕ್ಕೆ ಅಗ್ಗದ್ದು ಗೋಡೆ: 30,000 ಕೊಟ್ಟು 60,000 ಉಳಿಸುವುದು ಸರಿ. ಎರಡನೆಯ ವಾರಕ್ಕೆ ಎರಡು ದಾರಿಯೂ ಒಟ್ಟಿಗೆ ಇಳಿಯಬೇಕು. ಗೋಡೆ ಮತ್ತು ಟ್ರಸ್ ಎರಡನ್ನೂ ಅವಸರಿಸಿದರೆ 75,000. ಇನ್ನೊಂದು ಕ್ರೇನ್ ತರಿಸಿ ಶೀಟಿನ ಕೆಲಸ ಇಳಿಸಿದರೆ 70,000. ಎರಡು ದಾರಿಗೂ ಸೇರಿದ ನೆಲವನ್ನು ಇಳಿಸಿದರೆ 40,000. ಹಾಗಾಗಿ ನೆಲ. ನೆಲದಲ್ಲಿ ಇಳಿಸಲಾಗುವುದು ಒಂದೇ ವಾರ, ಹಾಗಾಗಿ ಮೂರನೆಯ ವಾರಕ್ಕೆ ಅಗ್ಗದ್ದೆಂದರೂ 70,000. ಅದು 60,000ವನ್ನು ಮೀರುವುದರಿಂದ ಅಲ್ಲಿಗೇ ನಿಲ್ಲಬೇಕು. 14 ವಾರ, 70,000 ಖರ್ಚು, 50,000 ಲಾಭ. ನನಗಾಗಿದ್ದು 15 ವಾರ, 50,000 ನಷ್ಟ.

ನೆಲವನ್ನು ಇಳಿಸುವುದೆಂದರೆ ಇನ್ನೊಂದು ತಂಡದಿಂದ ಬೇಗ ಕಾಂಕ್ರೀಟ್ ಹಾಕಿಸುವುದು, ನೀರುಣಿಸುವ ದಿನ ಕತ್ತರಿಸುವುದಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ನೀರುಣಿಸಬೇಕು. ಅಲ್ಲಿ ಯಾರಾದರೂ ದಿನ ಉಳಿಸಿಕೊಡುತ್ತೇನೆಂದರೆ ಒಪ್ಪಬೇಡಿ.

ಹೆಚ್ಚಿನ ಹಣ ಕೊಡುವ ಮೊದಲು ಸೈಟಿನಲ್ಲಿ ಕಾಣದ ಕೆಲಸಗಳ ದಿನಾಂಕ ಕೇಳಿ. ಟ್ರಸ್, ರೋಲಿಂಗ್ ಷಟರ್, ಟ್ರಾನ್ಸ್‌ಫಾರ್ಮರ್, ಇಂಥವು. ಗುತ್ತಿಗೆದಾರರಿಗೆ ತಮ್ಮ ತಂಡದ ಕೆಲಸ ಮಾತ್ರ ಕಣ್ಣಿಗೆ ಕಾಣುತ್ತದೆ. ಅವರು ಮೋಸ ಮಾಡಿದರೆಂದು ನಾನು ಇಂದಿಗೂ ಹೇಳುವುದಿಲ್ಲ.

ಎರಡನೆಯ ತಪ್ಪು ಪೂರ್ತಿ ನನ್ನದೇ. ಟ್ರಸ್ ಏರುತ್ತಿದ್ದಾಗ ಅದೇ ಗುತ್ತಿಗೆದಾರರು, 40,000 ಕೊಟ್ಟರೆ ನೆಲವನ್ನು ಒಂದು ವಾರ ಬೇಗ ಮುಗಿಸುತ್ತೇನೆಂದು ಕೇಳಿದ್ದರು. ಹಿಂದೆ ಕಳೆದುಕೊಂಡ ಸಿಟ್ಟಿನಲ್ಲಿ ಇನ್ನು ಒಂದು ಪೈಸೆಯೂ ಇಲ್ಲವೆಂದು ಕಳಿಸಿಬಿಟ್ಟೆ. ಹೋದ ಹಣಕ್ಕೂ ಆ 40,000ಕ್ಕೂ ಸಂಬಂಧವೇ ಇರಲಿಲ್ಲ. ಕೊಟ್ಟಿದ್ದರೆ ಆ ವಾರದ 60,000 ಬರುತ್ತಿತ್ತು. ಮಗು ಕ್ಯಾಲೆಂಡರಿನ ಹಿಂದೆ ಅದನ್ನು ಬರೆದು ತೋರಿಸುವ ಹೊತ್ತಿಗೆ ಗೋದಾಮಿನ ನೆಲದ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿಯಾಗಿತ್ತು.