ಸೆಟ್ಟಿಂಗ್ಸ್‌ನಲ್ಲಿ 512 ಜಿಬಿ, ಒಳಗಿದ್ದದ್ದು 16: ನಾನು ಮೋಸಹೋದ ಬಗೆ

ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ 12 ಜಿಬಿ ರ‍್ಯಾಮ್, 512 ಜಿಬಿ ಸ್ಟೋರೇಜ್ ಎಂದು ವಿವರಿಸಿದ್ದ ಆಂಡ್ರಾಯ್ಡ್ ಫೋನೊಂದನ್ನು ಕೊಂಡೆ. ಕೈಗೆ ಬಂದ ಕೂಡಲೇ ಸೆಟ್ಟಿಂಗ್ಸ್ ತೆರೆದು ನೋಡಿದಾಗ ಅವೇ ಅಂಕಿಗಳು ಕಂಡವು. ಫೋನಿನ ವಿವರ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡಾಗಲೂ ಉತ್ತರ ಬದಲಾಗಲಿಲ್ಲ. ನಾನು ನೆಮ್ಮದಿಯಿಂದ ಇದ್ದುಬಿಟ್ಟೆ, ನನ್ನ ದೊಡ್ಡ ತಪ್ಪು ಅದೇ.

ಹಳೆಯ ಫೋನಿನ ವಿಡಿಯೊಗಳನ್ನು ಇದಕ್ಕೆ ಸಾಗಿಸುತ್ತಿದ್ದಾಗ, ಸುಮಾರು 9 ಜಿಬಿ ಆಗುವಷ್ಟರಲ್ಲಿ ಜಾಗವಿಲ್ಲ ಎಂಬ ಸಂದೇಶ ಬಂದಿತು. ಆದರೆ ಸೆಟ್ಟಿಂಗ್ಸ್ ಇನ್ನೂ ನಾನೂರಕ್ಕೂ ಹೆಚ್ಚು ಜಿಬಿ ಖಾಲಿಯಿದೆ ಎಂದೇ ಹೇಳುತ್ತಿತ್ತು. ಅನುಮಾನಗೊಂಡು, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಚಾಲೂ ಮಾಡಿ, ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕಳುಹಿಸುವ adb ಎಂಬ ಸಾಧನದ ಮೂಲಕ ಈ ಮೂರು ಆದೇಶಗಳನ್ನು ಕೊಟ್ಟೆ.

```
adb shell cat /proc/meminfo
adb shell df -h /data
adb shell getprop ro.build.version.sdk
```

ಮೊದಲನೆಯದರಲ್ಲಿ `MemTotal` ಎದುರಿಗೆ ಸುಮಾರು 19 ಲಕ್ಷ ಕೆಬಿ ಇತ್ತು, ಅಂದರೆ 2 ಜಿಬಿ ರ‍್ಯಾಮ್. ಎರಡನೆಯದು ಬಳಕೆದಾರನ ಭಾಗ ಸುಮಾರು 10 ಜಿಬಿ ಎಂದಿತು. ವ್ಯವಸ್ಥೆಯ ಪಾಲನ್ನು ಸೇರಿಸಿದರೆ ಅದು 16 ಜಿಬಿ ಚಿಪ್‌ನ ಲೆಕ್ಕ. ಮೂರನೆಯದು ಆಂಡ್ರಾಯ್ಡ್ ಆವೃತ್ತಿಯ ಒಳಸಂಖ್ಯೆಯನ್ನು ಕೇಳುತ್ತದೆ, ಅದಕ್ಕೆ ಬಂದ ಉತ್ತರ 27. ಪರದೆಯ ಮೇಲೆ ಆಂಡ್ರಾಯ್ಡ್ 14 ಎಂದಿದ್ದರೂ 27 ಎಂಬುದು 8.1ರ ಸಂಖ್ಯೆ, 14ಕ್ಕೆ 34 ಇರಬೇಕು.

ಇಂತಹ ಫೋನುಗಳಲ್ಲಿ ಸೆಟ್ಟಿಂಗ್ಸ್ ಪುಟವನ್ನೂ, ಆ್ಯಪ್‌ಗಳು ಮಾಹಿತಿ ಕೇಳುವ ಪದರವನ್ನೂ ತಿದ್ದಿರುತ್ತಾರೆ. ಆದ್ದರಿಂದ ಒಂದು ಆ್ಯಪ್‌ನ ಮಾತನ್ನು ಇನ್ನೊಂದು ಆ್ಯಪ್‌ನಿಂದ ಪರೀಕ್ಷಿಸುವುದು ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕೇಳಿದಂತೆ. ಮೇಲಿನ ಮೂರು ಉತ್ತರಗಳು ಕೆಳಗಿನ ಪದರದಿಂದ ಬರುವುದರಿಂದ ನನಗೆ ನಿಜ ಕಂಡಿತು. ಆದರೆ ಅವನ್ನೂ ತಿದ್ದುವುದು ಅಸಾಧ್ಯವಲ್ಲ. ಸ್ಟೋರೇಜ್ ವಿಷಯದಲ್ಲಿ ತಿದ್ದಲಾಗದ ಪರೀಕ್ಷೆಯೆಂದರೆ, 1 ಜಿಬಿಯ ಬೇರೆ ಬೇರೆ ಕಡತಗಳನ್ನು ಫೋನಿಗೆ ತುಂಬುತ್ತಾ ಹೋಗಿ, ಕೊನೆಗೆ ಎಲ್ಲವನ್ನೂ ಮರಳಿ ಕಂಪ್ಯೂಟರಿಗೆ ತಂದು ಮೂಲದೊಂದಿಗೆ ಹೋಲಿಸುವುದು. ಬರೆದದ್ದಷ್ಟೇ ಸಾಲದು, ಮರಳಿ ಓದಲೇಬೇಕು. ಏಕೆಂದರೆ ಕೆಲವು ನಕಲಿ ಮೆಮೊರಿ ಕಾರ್ಡುಗಳು ಜಾಗ ಮುಗಿದ ಮೇಲೂ ದೋಷ ತೋರಿಸದೆ ಹಳೆಯದರ ಮೇಲೆಯೇ ಬರೆಯುತ್ತವೆ.

ದೂರು ಕೊಟ್ಟಾಗ ಮಾರಾಟಗಾರರು ಮೊದಲು ಫ್ಯಾಕ್ಟರಿ ರಿಸೆಟ್ ಮಾಡಿ ಕಾಯಲು ಹೇಳಿದರು. ಆನಂತರ ಫೋನನ್ನು ಇಟ್ಟುಕೊಂಡು ಸ್ವಲ್ಪ ಹಣವನ್ನಷ್ಟೇ ಮರಳಿ ಪಡೆಯಿರಿ, ದೂರು ಹಿಂತೆಗೆದುಕೊಳ್ಳಿ ಎಂದರು. ಎರಡರಿಂದಲೂ ಆಗುವುದು ಹಿಂತಿರುಗಿಸುವ ಅವಧಿ ಕಳೆದುಹೋಗುವುದು ಮಾತ್ರ. ನಾನು ಒಪ್ಪಲಿಲ್ಲ. ಕಾರಣದ ಜಾಗದಲ್ಲಿ "ಇಷ್ಟವಾಗಲಿಲ್ಲ" ಎಂಬುದನ್ನು ಬಿಟ್ಟು "ವಿವರಣೆಗೆ ಹೊಂದುವುದಿಲ್ಲ" ಎಂಬುದನ್ನು ಆರಿಸಿ, ಸೆಟ್ಟಿಂಗ್ಸ್ ಪುಟ ಹಾಗೂ ಆದೇಶಗಳ ಉತ್ತರ ಒಂದೇ ಚೌಕಟ್ಟಿನಲ್ಲಿ ಕಾಣುವ ಚಿತ್ರವನ್ನು ಮಾರುಕಟ್ಟೆಯವರಿಗೇ ನೇರವಾಗಿ ಕಳುಹಿಸಿದೆ. ಅವಧಿ ಮುಗಿಯಲು 2 ದಿನ ಉಳಿದಿರುವಾಗ ಪೂರ್ತಿ ಹಣ ಮರಳಿತು.