ಸ್ಟಾರ್‌ಡ್ಯೂ ವ್ಯಾಲಿ: ಕೊಡಗಿನ ಮೂರು ಮಳೆಗಾಲಗಳ ನಂತರ, ಮುಖ್ಯವಾಗಿ ಅದರ ಸೇವ್ ಫೈಲಿನ ಬಗ್ಗೆ

ನಾಪೋಕ್ಲು ಕಡೆಯ ನಮ್ಮ ತೋಟದ ಮನೆಯಲ್ಲಿ ಈ ಆಟವನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಆಡಲು ಆರಂಭಿಸಿ ಮೂರು ಮಳೆಗಾಲಗಳು ಕಳೆದಿವೆ. ಹೆಚ್ಚಾಗಿ ಆಡುವವಳು ನನ್ನ ಮಗಳು; ಕಂಪ್ಯೂಟರಿನ ಜವಾಬ್ದಾರಿ ನನ್ನದು. ಎರಿಕ್ ಬರೋನ್ ಒಬ್ಬರೇ ರೂಪಿಸಿ 2016ರಲ್ಲಿ ಬಿಡುಗಡೆ ಮಾಡಿದ ಈ ಬೇಸಾಯದ ಆಟದ ಚೆಲುವನ್ನು ಬಹಳ ಜನ ಬರೆದಿದ್ದಾರೆ, ಅವರ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ನಾನು ಇಲ್ಲಿ ಬರೆಯಹೊರಟಿರುವುದು ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಈ ಆಟವನ್ನು ಆಡುವವರಿಗೆ ಬೇಕಾದ ಒಂದು ಸಂಗತಿಯನ್ನು: ಸೇವ್ ಫೈಲ್ ಕೆಟ್ಟು, ಲೋಡ್ ಮಾಡಿದ ಕೂಡಲೇ ಆಟ ಮುಚ್ಚಿಹೋದಾಗ, ಆಡಿದ್ದನ್ನು ಮರಳಿ ಪಡೆಯುವ ಬಗೆ.

ಈ ಆಟದಲ್ಲಿ ಬೇಕೆಂದಾಗ ಸೇವ್ ಮಾಡುವ ಗುಂಡಿಯಿಲ್ಲ. ಆಟದೊಳಗಿನ ರೈತ ರಾತ್ರಿ ಮಲಗಿದಾಗ ಮಾತ್ರ ಆ ದಿನ ದಾಖಲಾಗುತ್ತದೆ. ಆಟದ ಒಂದು ದಿನ ನಮ್ಮ ಸುಮಾರು 14 ನಿಮಿಷಕ್ಕೆ ಸಮ, ಒಂದು ಋತುವಿಗೆ 28 ದಿನ, ವರ್ಷಕ್ಕೆ ನಾಲ್ಕು ಋತು. ಆದ್ದರಿಂದ ದಿನದ ನಡುವೆ ಕರೆಂಟು ಹೋದರೆ ಆ ದಿನದ ಕೆಲಸವಷ್ಟೇ ನಷ್ಟ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಹೀಗೆ ಎಷ್ಟೋ ಬಾರಿ ಆಗಿದೆ, ಅದರಿಂದ ಫೈಲಿಗೆ ಏನೂ ಆಗಿಲ್ಲ. ಅಪಾಯವಿರುವುದು ಮಲಗಿದ ಮೇಲಿನ ಕೆಲವು ಕ್ಷಣಗಳಲ್ಲಿ.

ಕಳೆದ ಕಕ್ಕಡ ತಿಂಗಳ ಒಂದು ಸಂಜೆ ಆದದ್ದು ಅದೇ. ಮಗಳ ರೈತ ಮಹಿಳೆಯ ಹೆಸರು ಕಾವೇರಿ. ಮೂರನೆಯ ವರ್ಷದ ಶರದೃತುವಿನ 14ನೆಯ ದಿನ, ಮೊದಲ ದಿನ ಬಿತ್ತಿದ ಕುಂಬಳ 13 ದಿನಕ್ಕೆ ಬಲಿತು ಕೊಯ್ಲಿಗೆ ಬಂದಿತ್ತು. ಹೊಲವೆಲ್ಲ ಕೊಯ್ದು, ಮಾರಾಟದ ಪೆಟ್ಟಿಗೆಗೆ ಹಾಕಿ, ಕಾವೇರಿಯನ್ನು ಮಲಗಿಸಿದಳು. ಸೇವ್ ಮುಗಿದು 15ನೆಯ ದಿನದ ಬೆಳಗು ಪರದೆಯ ಮೇಲೆ ಮೂಡಿತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಇಡೀ ಊರಿಗೆ ಕತ್ತಲಾಯಿತು. ಕರೆಂಟು ಬಂದದ್ದು ಎರಡು ದಿನದ ನಂತರ; ಇಂಟರ್ನೆಟ್ ಇನ್ನೂ ಬಂದಿರಲಿಲ್ಲ. ಆಟದ ಪಟ್ಟಿಯಲ್ಲಿ ಕಾವೇರಿಯ ಹೆಸರು, 15ನೆಯ ದಿನ ಎಂಬ ದಿನಾಂಕ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ಆದರೆ ಅದನ್ನು ಒತ್ತಿದರೆ ಆಟವೇ ಮುಚ್ಚಿಕೊಳ್ಳುತ್ತಿತ್ತು. "ಅಪ್ಪಾ, ಸೇವ್ ಆಗಿತ್ತು, ನಾನು ಕಣ್ಣಾರೆ ನೋಡಿದ್ದೇನೆ" ಎಂದು ಅವಳು ಅತ್ತಳು. ಅವಳು ಹೇಳಿದ್ದು ನಿಜವಾಗಿತ್ತು. 294 ದಿನಗಳ ಬೇಸಾಯ, ಅಂದರೆ ಸುಮಾರು 70 ಗಂಟೆಗಳ ಆಟ ಆ ಫೈಲಿನಲ್ಲಿತ್ತು.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಎರಡು ಕೆಲಸ, ಎರಡೂ ದುರಸ್ತಿಗೆ ಸಂಬಂಧಿಸಿದವಲ್ಲ. ಇಂಟರ್ನೆಟ್ ತಂತಿಯನ್ನು ತೆಗೆದಿಡಬೇಕು, ಏಕೆಂದರೆ ಸ್ಟೀಮ್ ಕ್ಲೌಡ್, ಅಂದರೆ ನಾವು ಆಟ ತೆರೆಯುವ ಸ್ಟೀಮ್ ತಂತ್ರಾಂಶದ ಇಂಟರ್ನೆಟ್ ದಾಸ್ತಾನು, ಕಂಪ್ಯೂಟರಿನಲ್ಲಿರುವುದನ್ನೇ ಮೇಲಕ್ಕೆ ಕಳುಹಿಸುವ ವ್ಯವಸ್ಥೆ; ಕೆಟ್ಟ ಫೈಲ್ ಹೊಸದಾಗಿದ್ದರೆ ಕ್ಲೌಡಿನಲ್ಲಿರುವ ಒಳ್ಳೆಯ ಪ್ರತಿಯ ಜಾಗಕ್ಕೆ ಅದೇ ಹೋಗಿ ಕೂರಬಹುದು. ನಮ್ಮಲ್ಲಿ ಮರ ಬಿದ್ದು ಇಂಟರ್ನೆಟ್ ಕೂಡ ನಿಂತಿದ್ದು ಈ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಎರಡನೆಯದು, ಸೇವ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡುವುದು. ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ತೆರೆಯುವ ಪೆಟ್ಟಿಗೆಯಲ್ಲಿ ಇದನ್ನು ಬರೆದರೆ ಆ ಜಾಗ ಸಿಗುತ್ತದೆ:

```
%appdata%\StardewValley\Saves
```

ಅಲ್ಲಿ ಪ್ರತಿಯೊಬ್ಬ ರೈತನಿಗೂ ಹೆಸರು ಮತ್ತು ಒಂದು ಸಂಖ್ಯೆ ಸೇರಿದ ಫೋಲ್ಡರ್ ಇರುತ್ತದೆ. ನಮ್ಮದು `Kaveri_284617305`. ಅದರೊಳಗೆ ಅದೇ ಹೆಸರಿನ ಒಂದು ದೊಡ್ಡ ಫೈಲ್ ಇರುತ್ತದೆ; ತೋಟ, ಹಣ, ಸ್ನೇಹ, ಹಸು, ಕೋಳಿ ಎಲ್ಲವೂ ಅದರಲ್ಲಿ. `SaveGameInfo` ಎಂಬ ಇನ್ನೊಂದು ಚಿಕ್ಕ ಫೈಲ್ ಪಟ್ಟಿಯಲ್ಲಿ ಹೆಸರು, ದಿನಾಂಕ ತೋರಿಸಲು ಬಳಕೆಯಾಗುತ್ತದೆ. ಪಟ್ಟಿಯಲ್ಲಿ ಎಲ್ಲವೂ ಸರಿ ಕಂಡು ಒಳಗೆ ಹೋಗುವಾಗ ಆಟ ಮುಚ್ಚುವುದಕ್ಕೆ ಕಾರಣ ಇದೇ: ಚಿಕ್ಕದು ಉಳಿದಿದೆ, ದೊಡ್ಡದು ಕೆಟ್ಟಿದೆ. ಪಟ್ಟಿಯಲ್ಲಿ ಹೆಸರೇ ಕಾಣದಿದ್ದರೆ ಮೊದಲು ಚಿಕ್ಕ ಫೈಲನ್ನು ಅನುಮಾನಿಸಬೇಕು. ಈ ಎರಡೂ ಫೈಲುಗಳಿಗೆ ಕೊನೆಯಲ್ಲಿ `_old` ಎಂಬ ಬಾಲವಿರುವ ಜೊತೆ ಪ್ರತಿಗಳಿವೆ. ಅವು ಹಿಂದಿನ ದಿನದ ದಾಖಲೆಗಳು.

ಕೆಟ್ಟಿರುವುದು ಖಚಿತವೇ ಎಂದು ತಿಳಿಯಲು ಫೈಲಿನ ಗಾತ್ರವನ್ನಷ್ಟೇ ನೋಡಿದರೆ ಸಾಲದು. ನಮ್ಮ ಫೈಲ್ ಹಿಂದಿನ ದಿನದ್ದರಂತೆಯೇ ಸುಮಾರು 5 ಎಂಬಿ ಇತ್ತು. ಫೋಲ್ಡರಿನ ವಿಳಾಸದ ಪಟ್ಟಿಯಲ್ಲಿ `powershell` ಎಂದು ಬರೆದು ಎಂಟರ್ ಒತ್ತಿ, ತೆರೆದ ಕಿಟಕಿಯಲ್ಲಿ ಈ ಸಾಲನ್ನು ಹಾಕಿದೆ:

```
Format-Hex .\Kaveri_284617305 | Select-Object -First 4
```

ಒಳ್ಳೆಯ ಫೈಲಾಗಿದ್ದರೆ ಬಲಗಡೆಯ ಅಂಕಣದ ಆರಂಭದಲ್ಲೇ `<?xml` ಎಂಬ ಅಕ್ಷರಗಳು ಕಾಣಬೇಕು. ನನಗೆ ಕಂಡದ್ದು ಸಾಲುಸಾಲಾಗಿ `00 00 00 00` ಮಾತ್ರ. ಅದೇ ಸಾಲಿನಲ್ಲಿ ಹೆಸರಿನ ಕೊನೆಗೆ `_old` ಸೇರಿಸಿ ನೋಡಿದಾಗ `<?xml` ಎಂದು ಸರಿಯಾಗಿ ಬಂತು. ಆಗ ನನಗೆ ಉಸಿರು ಬಂದಂತಾಯಿತು.

ಸೇವ್ ಆಯಿತೆಂದು ಕಣ್ಣಾರೆ ಕಂಡ ಫೈಲ್ ಬರೀ ಸೊನ್ನೆಯಾಗುವುದು ಹೇಗೆಂದು ಬಹಳ ಜನ ಕೇಳುತ್ತಾರೆ. ಆಟ ಬರೆದ ದತ್ತಾಂಶವನ್ನು ವಿಂಡೋಸ್ ತಕ್ಷಣ ಡಿಸ್ಕಿಗೆ ಇಳಿಸುವುದಿಲ್ಲ, ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಇಳಿಸುತ್ತದೆ. ಫೈಲಿನ ಹೆಸರು, ಗಾತ್ರಗಳ ಲೆಕ್ಕವನ್ನು ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಜೋಪಾನವಾಗಿ ಬೇರೆಯೇ ಬರೆದುಕೊಳ್ಳುತ್ತದೆ, ಆದರೆ ಒಳಗಿನ ಹೂರಣಕ್ಕೆ ಆ ರಕ್ಷಣೆ ಇಲ್ಲ. ತೋಟದ ಚೆಕ್‌ರೋಲಿನಲ್ಲಿ ಆಳುಗಳ ಹೆಸರು, ದಿನಾಂಕ ಬರೆದಾಗಿದೆ, ಕೂಲಿಯ ಅಂಕಣ ತುಂಬುವ ಮೊದಲೇ ದೀಪ ಆರಿದೆ ಎಂದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಆಟ ತನ್ನ ಕಡೆಯಿಂದ ಎಚ್ಚರ ವಹಿಸುತ್ತದೆ: ಮೊದಲು `_STARDEWVALLEYSAVETMP` ಎಂಬ ಬಾಲವಿರುವ ತಾತ್ಕಾಲಿಕ ಫೈಲಿಗೆ ಬರೆದು, ಅದು ಮುಗಿದ ಮೇಲೆ ಹಳೆಯದನ್ನು `_old` ಮಾಡಿ, ಹೊಸದಕ್ಕೆ ನಿಜವಾದ ಹೆಸರು ಕೊಡುತ್ತದೆ. ಸೇವ್ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಆ ತಾತ್ಕಾಲಿಕ ಫೈಲ್ ಅರ್ಧಕ್ಕೆ ನಿಂತು ಹಳೆಯದು ಉಳಿಯುತ್ತದೆ. ನಮಗಾದ ಹಾಗೆ ಹೆಸರು ಬದಲಾಗಿ, ಒಳಗಿನದು ಮಾತ್ರ ಡಿಸ್ಕಿಗೆ ಇಳಿಯದಿದ್ದಾಗ ಸೊನ್ನೆಗಳ ಫೈಲ್ ಸಿಗುತ್ತದೆ.

ಮರಳಿ ಪಡೆಯುವ ಕೆಲಸ ಐದು ನಿಮಿಷದ್ದು. ಆಟವನ್ನು ಪೂರ್ತಿ ಮುಚ್ಚಿ, `Kaveri_284617305` ಮತ್ತು `SaveGameInfo` ಎರಡನ್ನೂ ಫೋಲ್ಡರಿನಿಂದ ಹೊರಗೆ ಸಾಗಿಸಿದೆ. ಬಳಿಕ ಉಳಿದ ಎರಡು ಫೈಲುಗಳ ಹೆಸರಿನಿಂದ `_old` ಅನ್ನು ಅಳಿಸಿದೆ. ಚಿಕ್ಕ ಫೈಲ್ ಕೆಡದಿದ್ದರೂ ಎರಡನ್ನೂ ಜೊತೆಯಾಗಿಯೇ ಹಿಂದಕ್ಕೆ ತರುವುದು ಸರಿ, ಇಲ್ಲವಾದರೆ ಪಟ್ಟಿ ಒಂದು ದಿನಾಂಕ ಹೇಳಿ ತೋಟ ಇನ್ನೊಂದು ದಿನದಲ್ಲಿರುತ್ತದೆ. ದೊಡ್ಡ ಫೈಲಿನ ಹೆಸರು ಫೋಲ್ಡರಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಈ ಫೈಲುಗಳಿಗೆ ಯಾವ ಎಕ್ಸ್‌ಟೆನ್ಷನ್ನೂ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ಸೇವ್ ಮಾಡಿ, ಗೊತ್ತಾಗದಂತೆ `.txt` ಸೇರಿಸಿಕೊಂಡು, ಫೈಲ್ ಇದ್ದರೂ ಆಟಕ್ಕೆ ಸಿಗುತ್ತಿಲ್ಲವೆಂದು ಪರದಾಡಿದವರನ್ನು ನಾನು ನೋಡಿದ್ದೇನೆ. ನಕಲು ಪ್ರತಿಗಳನ್ನು `Saves` ಒಳಗೇ ಇಟ್ಟುಕೊಳ್ಳುವುದೂ ಬೇಡ, ಯಾವುದು ಅಸಲು ಎಂಬ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಲೋಡ್ ಮಾಡಿದಾಗ 14ನೆಯ ದಿನದ ಬೆಳಗು ತೆರೆಯಿತು. ಕುಂಬಳಗಳೆಲ್ಲ ಹೊಲದಲ್ಲಿ ಹಾಗೆಯೇ ಕೊಯ್ಲಿಗೆ ಕಾಯುತ್ತಿದ್ದವು. ಮಗಳು ಒಂದು ದಿನದ ಕೆಲಸವನ್ನು ಮತ್ತೆ ಮಾಡಿ, ಕಾವೇರಿಯನ್ನು ಮಲಗಿಸಿ, ಆಟ ಮುಚ್ಚಿ, ಮತ್ತೆ ತೆರೆದು ನೋಡಿದ ಮೇಲೆಯೇ ನೆಮ್ಮದಿಯಾದಳು. ಇಂಟರ್ನೆಟ್ ಬಂದಾಗ ಕಂಪ್ಯೂಟರಿನ ಪ್ರತಿ, ಕ್ಲೌಡಿನ ಪ್ರತಿ ಎರಡರಲ್ಲಿ ಯಾವುದು ಬೇಕೆಂದು ಸ್ಟೀಮ್ ಕೇಳಿತು. ಎರಡರ ದಿನಾಂಕ, ಸಮಯಗಳನ್ನು ಓದಿ ಕಂಪ್ಯೂಟರಿನದನ್ನೇ ಆರಿಸಿದೆ. ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥವಾಗುವ ಜಾಗ ಇದೊಂದೇ.

`_old` ಪ್ರತಿಯೂ ಸೊನ್ನೆಯಾಗಿದ್ದರೆ ದಾರಿಗಳು ಕಡಿಮೆ. ಸೊನ್ನೆಯಾದ ಫೈಲನ್ನು ಯಾವ ದುರಸ್ತಿ ತಂತ್ರಾಂಶವೂ ತುಂಬಿಕೊಡಲಾರದು, ಏಕೆಂದರೆ ಸರಿಪಡಿಸಲು ಅದರೊಳಗೆ ಏನೂ ಉಳಿದಿರುವುದಿಲ್ಲ. ಆಟಕ್ಕೆ ಬೇರೆಯವರು ಬರೆದ ಸೇರ್ಪಡೆಗಳಾದ ಮಾಡ್‌ಗಳನ್ನು ಬಳಸುವವರ ಬಳಿ ಅವನ್ನು ನಡೆಸುವ ತಂತ್ರಾಂಶವಾದ ಎಸ್‌ಎಂಎಪಿಐ ಇದ್ದರೆ, ಅದು ಆಟದ ಫೋಲ್ಡರಿನೊಳಗಿನ `save-backups` ಎಂಬಲ್ಲಿ ದಿನಕ್ಕೊಂದರಂತೆ ಕೊನೆಯ ಹತ್ತು ಪ್ರತಿಗಳನ್ನು ತಾನಾಗಿಯೇ ಉಳಿಸಿರುತ್ತದೆ. ಇಲ್ಲಿ ದಿನವೆಂದರೆ ನಮ್ಮ ದಿನ, ಆಟದ ದಿನವಲ್ಲ. ಈ ಘಟನೆಯ ನಂತರ ನಾನು ಅದನ್ನು ಹಾಕಿಕೊಂಡದ್ದು ಬೇರೆ ಯಾವ ಮಾಡಿಗೂ ಅಲ್ಲ, ಇದೊಂದು ಸೌಲಭ್ಯಕ್ಕಾಗಿ.

ಲೋಡ್ ಆಗುವಾಗ ಮುಚ್ಚಿಕೊಳ್ಳುವ ಪ್ರತಿಯೊಂದು ಆಟದ ಫೈಲೂ ಕೆಟ್ಟಿರುವುದಿಲ್ಲ ಎಂಬುದನ್ನೂ ಹೇಳಬೇಕು. ಗೋಣಿಕೊಪ್ಪದಲ್ಲಿರುವ ತಂಗಿಯ ಮಗ, "ಮಾವ, ನನ್ನದೂ ಹಾಗೇ ಆಗಿದೆ" ಎಂದು ಫೋನ್ ಮಾಡಿದಾಗ ಅವನಿಂದ ಈ ಪರೀಕ್ಷೆ ಮಾಡಿಸಿದೆ, ಹೆಸರಿನ ಜಾಗದಲ್ಲಿ ಅವನ ಫೈಲಿನ ಹೆಸರು ಹಾಕಿಸಿ:

```
$x = New-Object xml
$x.Load("$PWD\Kaveri_284617305")
```

ಫೈಲಿನ ರಚನೆ ಮುರಿದಿದ್ದರೆ ಕೆಂಪು ಅಕ್ಷರಗಳಲ್ಲಿ ದೂರು ಬರುತ್ತದೆ: ಸೊನ್ನೆಗಳಿದ್ದರೆ `0x00` ಎಂಬ ಗುರುತು, ಅರ್ಧಕ್ಕೆ ತುಂಡಾಗಿದ್ದರೆ `Unexpected end of file` ಎಂಬ ಮಾತು ಅದರಲ್ಲಿರುತ್ತದೆ. ಅವನಿಗೆ ಏನೂ ಬರಲಿಲ್ಲ, ಅಂದರೆ ಫೈಲಿನ ರಚನೆ ಸರಿಯಿತ್ತು. ವಿಚಾರಿಸಿದರೆ, ಹಿಂದಿನ ದಿನ ಅವನು ಒಂದು ದೊಡ್ಡ ಮಾಡನ್ನು ತೆಗೆದುಹಾಕಿದ್ದ. ಆ ಮಾಡ್ ಸೇರಿಸಿದ್ದ ವಸ್ತುಗಳು ಫೈಲಿನಲ್ಲಿ ಉಳಿದಿದ್ದವು, ಅವುಗಳ ಅರ್ಥ ಆಟಕ್ಕೆ ತಿಳಿಯುತ್ತಿರಲಿಲ್ಲ. ಮಾಡನ್ನು ಮತ್ತೆ ಹಾಕಿದ ಕೂಡಲೇ ತೋಟ ತೆರೆಯಿತು. ಆಟದ ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಹೋದಾಗಲೂ ಇಂಥದೇ ತೊಂದರೆ ಬರುತ್ತದೆ. ಇಂಥ ಕಡೆ `_old` ಗೆ ಕೈ ಹಾಕುವ ಅಗತ್ಯವೇ ಇಲ್ಲ.

ಮೂರು ಮಳೆಗಾಲ ನೋಡಿದ ಮೇಲೆ ಆಟದ ಬಗ್ಗೆ ನನ್ನ ಅಭಿಪ್ರಾಯ ಇದು: ಹಿಂದಿನ ದಿನವನ್ನು ತಾನಾಗಿಯೇ ಎತ್ತಿಡುವ ಅದರ ಕ್ರಮ ನಮ್ಮಂಥ ಊರಿಗೆ ಬಹು ದೊಡ್ಡ ಉಪಕಾರ. ಆ ಪ್ರತಿಗೆ ಮರಳುವ ಗುಂಡಿಯೊಂದು ಕಂಪ್ಯೂಟರ್ ಆವೃತ್ತಿಯ ಮೆನುವಿನಲ್ಲೇ ಇದ್ದರೆ ಮಕ್ಕಳೇ ಅದನ್ನು ಬಳಸಿಕೊಳ್ಳುತ್ತಿದ್ದರು.

ನಮ್ಮ ಮನೆಯ ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆರಿದ್ದೇಕೆ ಎಂಬುದು ನನ್ನನ್ನು ಕೆಲವು ದಿನ ಕಾಡಿತು. ಇನ್ವರ್ಟರಿನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಅದು ಯುಪಿಎಸ್ ಕಡೆಗೆ ಇರದೆ ಸಾಮಾನ್ಯ ಬಳಕೆಯ ಕಡೆಗಿತ್ತು. ಆ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗುವಾಗ ಆಗುವ ವಿಳಂಬವನ್ನು ಫ್ಯಾನು, ದೀಪಗಳು ತಡೆದುಕೊಳ್ಳುತ್ತವೆ, ಕಂಪ್ಯೂಟರ್ ತಡೆದುಕೊಳ್ಳುವುದಿಲ್ಲ. ಸ್ವಿಚ್ ಬದಲಿಸಿದ ಮೇಲೆ ಕರೆಂಟು ಹಲವು ಬಾರಿ ಹೋಗಿದೆ, ಕಂಪ್ಯೂಟರ್ ಒಮ್ಮೆಯೂ ಆರಿಲ್ಲ. ಆದರೂ ಗಾಳಿಮಳೆಯ ದಿನಗಳಲ್ಲಿ ಮಗಳು ಭಾನುವಾರಕ್ಕೊಮ್ಮೆ ಕಾವೇರಿಯ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದರ ಹೆಸರಿನ ಮುಂದೆ ಆಟದ ದಿನಾಂಕ ಬರೆದಿಡುತ್ತಾಳೆ.